ಸಾಲ ಮರುಪಾವತಿ ಪಟ್ಟಿಯ ಸ್ಕ್ರೀನ್‌ಶಾಟ್ ಓದುವುದು ಹೇಗೆ, ಆರಂಭದ ಕಂತುಗಳಲ್ಲಿ ಬಡ್ಡಿಯೇ ಏಕೆ ಹೆಚ್ಚು: ಪದೇ ಪದೇ ಕೇಳುವ ಪ್ರಶ್ನೆಗಳು

ಸಾಲ ಮಂಜೂರಾದ ನಂತರ ಆ್ಯಪ್‌ನಲ್ಲಿ ಅಥವಾ ಇಮೇಲ್‌ನಲ್ಲಿ ಬರುವ ಮರುಪಾವತಿ ಪಟ್ಟಿಯನ್ನು ತೆರೆದವರಲ್ಲಿ ಹೆಚ್ಚಿನವರು ನೋಡುವುದು ಮೊದಲ ಪರದೆಯಲ್ಲಿ ಕಾಣುವ ಹತ್ತು ಹನ್ನೆರಡು ಕಂತುಗಳನ್ನು ಮಾತ್ರ. ಕಟ್ಟಿದ ಹಣದಲ್ಲಿ ಬಹುಪಾಲು ಬಡ್ಡಿಗೇ ಹೋಗುತ್ತಿದೆ ಎಂಬ ಆತಂಕ ಅಲ್ಲಿಯೇ ಹುಟ್ಟುತ್ತದೆ. ಈ ಪುಟದಲ್ಲಿ ಅಂಥ ಒಂದು ಪಟ್ಟಿಯನ್ನು ಮುಂದಿಟ್ಟುಕೊಂಡು, ಅದರ ಪ್ರತಿಯೊಂದು ಅಂಕಿ ಎಲ್ಲಿಂದ ಬಂತು ಎಂಬುದನ್ನು ವಿವರಿಸಲಾಗಿದೆ. ಉದಾಹರಣೆಯ ಸಾಲ 10,00,000, ವಾರ್ಷಿಕ ಬಡ್ಡಿದರ ಶೇ. 9, ಅವಧಿ 20 ವರ್ಷ ಅಂದರೆ 240 ತಿಂಗಳು. ಯಾವ ಹಣದಲ್ಲಿ ಲೆಕ್ಕ ಹಾಕಿದರೂ ಫಲಿತಾಂಶ ಒಂದೇ ಆಗಿರುವುದರಿಂದ ಮೊತ್ತಗಳಿಗೆ ಹಣದ ಹೆಸರನ್ನು ಸೇರಿಸಿಲ್ಲ.

## ಪಟ್ಟಿಯಲ್ಲಿರುವ ಕಾಲಂಗಳು ಏನನ್ನು ಹೇಳುತ್ತವೆ?

ಸಾಮಾನ್ಯವಾಗಿ ಪರದೆಯ ಮೇಲೆ ಐದು ಕಾಲಂಗಳು ಕಾಣುತ್ತವೆ. `Opening Balance` ಎಂದರೆ ಆ ತಿಂಗಳು ಆರಂಭವಾದಾಗ ಉಳಿದಿದ್ದ ಅಸಲು. `EMI` ಅಥವಾ `Instalment` ಎಂದರೆ ಆ ತಿಂಗಳು ಕಟ್ಟಬೇಕಾದ ಕಂತು. ಆ ಕಂತು `Interest` ಮತ್ತು `Principal` ಎಂದು ಎರಡು ಭಾಗವಾಗುತ್ತದೆ. ಮೊದಲನೆಯದು ಬಡ್ಡಿ, ಎರಡನೆಯದು ಅಸಲಿಗೆ ಜಮೆಯಾಗುವ ಹಣ. `Closing Balance` ಎಂದರೆ ಕಂತು ಕಟ್ಟಿದ ನಂತರ ಉಳಿಯುವ ಅಸಲು, ಮತ್ತು ಅದೇ ಅಂಕಿ ಮುಂದಿನ ಅಡ್ಡಸಾಲಿನ ಆರಂಭದ ಬಾಕಿಯಾಗಿ ಮತ್ತೆ ಕಾಣಿಸಿಕೊಳ್ಳುತ್ತದೆ.

ನಮ್ಮ ಉದಾಹರಣೆಯ ಪಟ್ಟಿಯ ಮೇಲ್ಭಾಗ ಹೀಗಿರುತ್ತದೆ:

| ಕಂತು | ಆರಂಭದ ಬಾಕಿ | ಕಂತಿನ ಮೊತ್ತ | ಬಡ್ಡಿ | ಅಸಲು | ಉಳಿದ ಬಾಕಿ |
|---|---|---|---|---|---|
| 1 | 10,00,000.00 | 8,997.26 | 7,500.00 | 1,497.26 | 9,98,502.74 |
| 2 | 9,98,502.74 | 8,997.26 | 7,488.77 | 1,508.49 | 9,96,994.25 |
| 3 | 9,96,994.25 | 8,997.26 | 7,477.46 | 1,519.80 | 9,95,474.45 |

ಹೆಚ್ಚಿನವರು ಈ ಪಟ್ಟಿಯನ್ನು ಕಂತಿನ ಕಾಲಂನಿಂದ ಓದಲು ಆರಂಭಿಸಿ, ಅದರಲ್ಲಿ ಬಡ್ಡಿ ಎಷ್ಟು, ಅಸಲು ಎಷ್ಟು ಎಂದು ಹಂಚಿಕೆಯನ್ನು ಹುಡುಕುತ್ತಾರೆ. ಆದರೆ ಲೆಕ್ಕ ನಡೆಯುವುದು ಆ ಕ್ರಮದಲ್ಲಿ ಅಲ್ಲ. ಮೊದಲು ಆರಂಭದ ಬಾಕಿಯಿಂದ ಬಡ್ಡಿ ಹುಟ್ಟುತ್ತದೆ, ನಂತರ ಕಂತಿನಿಂದ ಆ ಬಡ್ಡಿಯನ್ನು ಕಳೆಯಲಾಗುತ್ತದೆ, ಏನು ಉಳಿಯುತ್ತದೆಯೋ ಅದು ಅಸಲಿಗೆ ಹೋಗುತ್ತದೆ. ಪಟ್ಟಿಯನ್ನು ಈ ಕ್ರಮದಲ್ಲಿ ಎಡದಿಂದ ಬಲಕ್ಕೆ ಓದಿದರೆ ಮುಂದಿನ ಎಲ್ಲ ಉತ್ತರಗಳೂ ಸುಲಭವಾಗುತ್ತವೆ.

## ಮೊದಲ ಕಂತಿನ ಬಡ್ಡಿ 7,500 ಹೇಗೆ ಬಂತು?

ವಾರ್ಷಿಕ ಶೇ. 9 ಎಂದರೆ ತಿಂಗಳಿಗೆ ಶೇ. 0.75. ಮೊದಲ ತಿಂಗಳು ಪೂರ್ತಿ 10,00,000 ಸಾಲಗಾರರ ಕೈಯಲ್ಲಿತ್ತು, ಆದ್ದರಿಂದ ಆ ತಿಂಗಳಿನ ಬಡ್ಡಿ 10,00,000 × 0.75 ÷ 100, ಅಂದರೆ 7,500. ಎರಡನೆಯ ತಿಂಗಳಿನ ಬಾಕಿ 9,98,502.74 ಆಗಿದ್ದರಿಂದ ಅದರ ಶೇ. 0.75 ಆದ 7,488.77 ಬಡ್ಡಿಯಾಯಿತು. ಈ ಗುಣಾಕಾರದಲ್ಲಿ ಸಾಲದ ಅವಧಿಯಾಗಲಿ, ಕಂತಿನ ಮೊತ್ತವಾಗಲಿ ಎಲ್ಲಿಯೂ ಬರುವುದಿಲ್ಲ ಎಂಬುದನ್ನು ಗಮನಿಸಬೇಕು. ಒಂದು ತಿಂಗಳಿನ ಬಡ್ಡಿಯನ್ನು ನಿರ್ಧರಿಸುವುದು ಆ ತಿಂಗಳು ಉಳಿದಿದ್ದ ಬಾಕಿ ಮತ್ತು ದರ, ಇವೆರಡು ಮಾತ್ರ.

ನಿಮ್ಮ ಸ್ಕ್ರೀನ್‌ಶಾಟ್‌ನಲ್ಲಿ ಯಾವುದಾದರೂ ಒಂದು ಅಡ್ಡಸಾಲನ್ನು ಆರಿಸಿಕೊಂಡು ಇದೇ ಗುಣಾಕಾರ ಮಾಡಿ ನೋಡಿ. ಆರಂಭದ ಬಾಕಿಯ ಕಾಲಂ ಇಲ್ಲದ ಪಟ್ಟಿಯಾಗಿದ್ದರೆ ಹಿಂದಿನ ಅಡ್ಡಸಾಲಿನ ಉಳಿದ ಬಾಕಿಯನ್ನು ತೆಗೆದುಕೊಳ್ಳಬೇಕು. ಅದೇ ಅಡ್ಡಸಾಲಿನ ಉಳಿದ ಬಾಕಿಯನ್ನು ತೆಗೆದುಕೊಂಡರೆ ಉತ್ತರ ಸ್ವಲ್ಪ ಕಡಿಮೆ ಬಂದು, ಪಟ್ಟಿಯೇ ತಪ್ಪಾಗಿದೆ ಎಂಬ ಸಂಶಯ ಮೂಡುತ್ತದೆ.

## ಸಾಲ ಕೊಟ್ಟವರು ಇಡೀ ಅವಧಿಯ ಬಡ್ಡಿಯನ್ನು ಮೊದಲೇ ವಸೂಲು ಮಾಡಿಕೊಳ್ಳುತ್ತಿದ್ದಾರೆಯೇ?

ಇಲ್ಲ. ಇದು ಈ ವಿಷಯದಲ್ಲಿ ಬಹಳ ಗಟ್ಟಿಯಾಗಿ ಬೇರೂರಿರುವ ತಪ್ಪು ತಿಳಿವಳಿಕೆ, ಆದ್ದರಿಂದ ಇದನ್ನು ಪಟ್ಟಿಯ ಅಂಕಿಗಳಿಂದಲೇ ಪರೀಕ್ಷಿಸುವುದು ಒಳ್ಳೆಯದು.

ಮೊದಲ ವರ್ಷದ ಹನ್ನೆರಡು ಕಂತುಗಳಲ್ಲಿ ಒಟ್ಟು 1,07,967 ಕಟ್ಟಲಾಗುತ್ತದೆ. ಅದರಲ್ಲಿ ಸುಮಾರು 89,240 ಬಡ್ಡಿ, ಸುಮಾರು 18,727 ಅಸಲು. ಆ ವರ್ಷದಲ್ಲಿ ಬಾಕಿಯು 10,00,000ದಿಂದ 9,81,273ಕ್ಕೆ ಇಳಿಯಿತು. ಅಂದರೆ ವರ್ಷವಿಡೀ ಸಾಲಗಾರರು ಬಳಸುತ್ತಿದ್ದ ಹಣ ಸರಾಸರಿ 9,91,000ದ ಆಸುಪಾಸಿನಲ್ಲಿತ್ತು. ಅದರ ಶೇ. 9 ಎಷ್ಟು ಎಂದು ನೋಡಿದರೆ ಹೆಚ್ಚುಕಡಿಮೆ ಆ 89,240 ಬಡ್ಡಿಯೇ ಸಿಗುತ್ತದೆ. ಎರಡನೆಯ ವರ್ಷಕ್ಕೆ ಸೇರಬೇಕಾದ ಬಡ್ಡಿಯ ಒಂದು ಪೈಸೆಯೂ ಮೊದಲ ವರ್ಷದಲ್ಲಿ ವಸೂಲಾಗಿಲ್ಲ. ಹನ್ನೆರಡನೆಯ ಕಂತಿನ ಮರುಕ್ಷಣವೇ ಸಾಲವನ್ನು ತೀರಿಸುವುದಾದರೆ ಕೊಡಬೇಕಾದ ಅಸಲು 9,81,273 ಮಾತ್ರ. ಮುಂದಿನ 19 ವರ್ಷಗಳಿಗಾಗಿ ಪಟ್ಟಿಯಲ್ಲಿ ಬರೆದಿರುವ ಬಡ್ಡಿಯನ್ನು ಆಗ ಯಾರೂ ಕೊಡಬೇಕಾಗಿಲ್ಲ, ಏಕೆಂದರೆ ಅದು ಇನ್ನೂ ಹುಟ್ಟಿಯೇ ಇಲ್ಲ.

ಪ್ರತಿ ತಿಂಗಳೂ ಆ ತಿಂಗಳಿನ ಬಡ್ಡಿ ಆ ತಿಂಗಳೇ ಸಂದಾಯವಾಗುತ್ತದೆ. ಆರಂಭದಲ್ಲಿ ಅದು ದೊಡ್ಡದಾಗಿ ಕಾಣಲು ಕಾರಣ ಆರಂಭದಲ್ಲಿ ಬಾಕಿ ದೊಡ್ಡದಾಗಿರುವುದು.

## ಹಾಗಿದ್ದರೆ ಅಸಲಿನ ಪಾಲು ಅಷ್ಟು ಸಣ್ಣದಾಗಿರುವುದು ಏಕೆ?

ಇದಕ್ಕೆ ಕಾರಣವನ್ನು ಬಡ್ಡಿಯ ಕಾಲಂನಲ್ಲಿ ಹುಡುಕಿದರೆ ಸಿಗುವುದಿಲ್ಲ; ಕಂತಿನ ಕಾಲಂನಲ್ಲಿ ಹುಡುಕಬೇಕು. ಇದೇ 10,00,000 ಸಾಲವನ್ನು ಇದೇ ಶೇ. 9 ದರದಲ್ಲಿ 20 ವರ್ಷದ ಬದಲು 5 ವರ್ಷಕ್ಕೆ ತೆಗೆದುಕೊಂಡರು ಎಂದುಕೊಳ್ಳೋಣ. ಆಗ ಕಂತು 20,758 ಆಗುತ್ತದೆ. ಮೊದಲ ತಿಂಗಳಿನ ಬಡ್ಡಿ ಎಷ್ಟು? ಅದೇ 7,500. ಬಾಕಿ ಮತ್ತು ದರ ಎರಡೂ ಬದಲಾಗಿಲ್ಲವಾದ್ದರಿಂದ ಬಡ್ಡಿ ಬದಲಾಗಲು ಕಾರಣವೇ ಇಲ್ಲ. ಆದರೆ 20,758ರಲ್ಲಿ 7,500 ಕಳೆದ ಮೇಲೆ ಅಸಲಿಗೆ 13,258 ಉಳಿಯುತ್ತದೆ. ಮೊದಲ ಕಂತಿನಲ್ಲೇ ಅಸಲಿನ ಪಾಲು ಬಡ್ಡಿಯ ಪಾಲಿಗಿಂತ ಹೆಚ್ಚಾಯಿತು.

ಆದ್ದರಿಂದ ಆರಂಭದ ಕಂತುಗಳಲ್ಲಿ ಬಡ್ಡಿಯೇ ಹೆಚ್ಚು ಎಂಬುದು ಎಲ್ಲ ಸಾಲಗಳ ಗುಣವಲ್ಲ. ದೀರ್ಘ ಅವಧಿಯನ್ನು ಆರಿಸಿಕೊಂಡಾಗ ಕಂತು ಚಿಕ್ಕದಾಗುತ್ತದೆ; ಕಂತು ಚಿಕ್ಕದಾದಂತೆ, ಆ ತಿಂಗಳಿನ ಬಡ್ಡಿಯನ್ನು ಕಳೆದು ಅಸಲಿಗೆ ಉಳಿಯುವ ಹಣ ಬಹಳ ವೇಗವಾಗಿ ಕುಗ್ಗುತ್ತದೆ. 20,758ರಿಂದ 8,997ಕ್ಕೆ ಕಂತು ಅರ್ಧಕ್ಕಿಂತ ಸ್ವಲ್ಪ ಕೆಳಗೆ ಇಳಿದಾಗ ಮೊದಲ ತಿಂಗಳಿನ ಅಸಲು 13,258ರಿಂದ 1,497ಕ್ಕೆ, ಅಂದರೆ ಸುಮಾರು ಒಂಬತ್ತನೆಯ ಒಂದು ಪಾಲಿಗೆ ಇಳಿಯಿತು. ಐದು ವರ್ಷದ ಸಾಲದ ಒಟ್ಟು ಬಡ್ಡಿ ಸುಮಾರು 2,45,500. ಇಪ್ಪತ್ತು ವರ್ಷದ ಸಾಲದ ಒಟ್ಟು ಬಡ್ಡಿ ಸುಮಾರು 11,59,300. ದರ ಎರಡರಲ್ಲೂ ಒಂದೇ. ಈ ಎರಡು ಅಂಕಿಗಳ ಅಂತರವು ಹಣವನ್ನು ಎಷ್ಟು ಕಾಲ ಇಟ್ಟುಕೊಂಡರು ಎಂಬುದರ ಬೆಲೆ.

## ಅಸಲಿನ ಕಾಲಂ ಪ್ರತಿ ತಿಂಗಳೂ ಸ್ವಲ್ಪ ಸ್ವಲ್ಪ ಏರುವುದು ಯಾವ ನಿಯಮದಿಂದ?

ಮೇಲಿನ ಪಟ್ಟಿಯಲ್ಲಿ ಅಸಲು 1,497.26ರಿಂದ 1,508.49ಕ್ಕೆ ಏರಿದೆ. ಏರಿಕೆ 11.23. ಬಡ್ಡಿಯ ಕಾಲಂನಲ್ಲಿ ಇಳಿಕೆಯೂ ಅದೇ 11.23. ಕಂತು ಬದಲಾಗದ ಕಾರಣ, ಬಡ್ಡಿಯಲ್ಲಿ ಎಷ್ಟು ಇಳಿಯಿತೋ ಅಷ್ಟು ಅಸಲಿಗೆ ಸೇರಲೇಬೇಕು.

ಈ 11.23 ಎಲ್ಲಿಂದ ಬಂತು ಎಂಬುದೇ ಇಡೀ ಪಟ್ಟಿಯ ಒಳಗುಟ್ಟು. ಮೊದಲ ತಿಂಗಳು 1,497.26 ಅಸಲು ತೀರಿಹೋದ ಕಾರಣ ಆ ಮೊತ್ತದ ಮೇಲೆ ಎರಡನೆಯ ತಿಂಗಳು ಬಡ್ಡಿ ಬರಲಿಲ್ಲ, 1,497.26ರ ಶೇ. 0.75 ಎಂದರೆ 11.23. ಮೂರನೆಯ ತಿಂಗಳೂ ಇದೇ ರೀತಿ: 1,508.49ರ ಶೇ. 0.75 ಎಂದರೆ 11.31, ಮತ್ತು ಅಸಲು ಅಷ್ಟೇ ಏರಿ 1,519.80 ಆಯಿತು. ಹೀಗೆ ಪ್ರತಿ ಅಡ್ಡಸಾಲಿನ ಅಸಲು ಹಿಂದಿನ ಅಡ್ಡಸಾಲಿನ ಅಸಲಿನ 1.0075 ಪಟ್ಟು ಆಗಿರುತ್ತದೆ. ಅಸಲಿನ ಕಾಲಂ ಎಂದರೆ ತಿಂಗಳಿಗೆ ಶೇ. 0.75ರಂತೆ ಚಕ್ರಬಡ್ಡಿಯ ರೀತಿಯಲ್ಲಿ ಬೆಳೆಯುವ ಒಂದು ಅಂಕಿ. ಚಕ್ರಬಡ್ಡಿಯ ಬೆಳವಣಿಗೆ ಆರಂಭದಲ್ಲಿ ಕಣ್ಣಿಗೆ ಕಾಣದಷ್ಟು ನಿಧಾನವಾಗಿರುತ್ತದೆ ಮತ್ತು ಕೊನೆಯಲ್ಲಿ ಚುರುಕಾಗುತ್ತದೆ. ಮೊದಲ ಪರದೆಯ ಸ್ಕ್ರೀನ್‌ಶಾಟ್ ನೋಡಿದವರಿಗೆ ಏನೂ ಬದಲಾಗುತ್ತಿಲ್ಲ ಎಂದು ಅನಿಸುವುದಕ್ಕೆ ಕಾರಣ ಇದು.

ಸ್ಕ್ರೀನ್‌ಶಾಟ್ ಅರ್ಧಂಬರ್ಧ ಕತ್ತರಿಸಿದ್ದು, ಬಡ್ಡಿದರ ಅದರಲ್ಲಿ ಕಾಣದೇ ಇದ್ದರೂ ಈ ನಿಯಮ ಉಪಯೋಗಕ್ಕೆ ಬರುತ್ತದೆ. ಅಕ್ಕಪಕ್ಕದ ಎರಡು ತಿಂಗಳಿನ ಅಸಲುಗಳನ್ನು ಭಾಗಿಸಿ: 1,508.49 ÷ 1,497.26 = 1.0075. ದಶಮಾಂಶದ ಭಾಗವನ್ನು ಹನ್ನೆರಡರಿಂದ ಗುಣಿಸಿದರೆ 0.09, ಅಂದರೆ ಶೇ. 9. ಪಟ್ಟಿಯಲ್ಲಿ ಅಂಕಿಗಳನ್ನು ಪೂರ್ಣಾಂಕಕ್ಕೆ ಇಳಿಸಿದ್ದರೆ ಈ ಉತ್ತರ ಸ್ವಲ್ಪ ಒರಟಾಗುತ್ತದೆ; ಆಗ ಒಂದು ವರ್ಷದ ಅಂತರವಿರುವ ಎರಡು ಅಡ್ಡಸಾಲುಗಳನ್ನು ಹೋಲಿಸುವುದು ಮೇಲು. ಶೇ. 9 ದರವಾದರೆ ಹನ್ನೆರಡು ತಿಂಗಳಲ್ಲಿ ಅಸಲಿನ ಪಾಲು ಸುಮಾರು 1.0938 ಪಟ್ಟಾಗಿರಬೇಕು.

## ಅಸಲು ಬಡ್ಡಿಯನ್ನು ದಾಟುವುದು ಯಾವ ಕಂತಿನಲ್ಲಿ?

ನಮ್ಮ ಉದಾಹರಣೆಯಲ್ಲಿ 148ನೆಯ ಕಂತಿನಲ್ಲಿ ಬಡ್ಡಿ 4,506, ಅಸಲು 4,491. ಮುಂದಿನ 149ನೆಯ ಕಂತಿನಲ್ಲಿ ಬಡ್ಡಿ 4,473, ಅಸಲು 4,524. ಅಂದರೆ ಹನ್ನೆರಡು ವರ್ಷ ನಾಲ್ಕು ತಿಂಗಳು ಕಳೆದ ಮೇಲೆ, ಹದಿಮೂರನೆಯ ವರ್ಷದ ಐದನೆಯ ಕಂತಿನಲ್ಲಿ ಅಸಲು ಮೊದಲ ಬಾರಿಗೆ ಮುಂದೆ ಬರುತ್ತದೆ. ಆಗ ಬಾಕಿ ಇನ್ನೂ 5,96,000ದಷ್ಟಿರುತ್ತದೆ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ, ಮತ್ತು ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಿದರೆ ಮಾತ್ರ ಅದು ಕಾಣುತ್ತದೆ. ಒಂದು ಕಂತಿನಲ್ಲಿ ಅಸಲಿನ ಪಾಲು ಎಷ್ಟು ಎಂಬುದನ್ನು ನಿರ್ಧರಿಸುವುದು ಎಷ್ಟು ಕಂತುಗಳು ಮುಗಿದಿವೆ ಎಂಬುದಲ್ಲ, ಆ ಕಂತನ್ನೂ ಸೇರಿಸಿ ಎಷ್ಟು ಉಳಿದಿವೆ ಎಂಬುದು. ಕೊನೆಯ ಕಂತಾದ 240ನೆಯದರಲ್ಲಿ ಬಡ್ಡಿ ಕೇವಲ 67. ಉಳಿದ 8,930 ಅಸಲು. ಅಲ್ಲಿಂದ ಒಂದೊಂದೇ ತಿಂಗಳು ಮೇಲಕ್ಕೆ ಹೋದಂತೆ ಅಸಲನ್ನು 1.0075ರಿಂದ ಭಾಗಿಸುತ್ತಾ ಹೋಗಬೇಕು. ಶೇ. 9 ದರದಲ್ಲಿ ಹೀಗೆ 92 ಬಾರಿ ಭಾಗಿಸಿದಾಗ ಅಸಲಿನ ಪಾಲು ಕಂತಿನ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಆದ್ದರಿಂದ ಶೇ. 9 ದರದ ಯಾವುದೇ ಸಾಲದಲ್ಲಿ, ಅದು ಹದಿನೈದು ವರ್ಷದ್ದಾಗಿರಲಿ, ಮೂವತ್ತು ವರ್ಷದ್ದಾಗಿರಲಿ, ಕೊನೆಯ 92 ಕಂತುಗಳಲ್ಲಿ ಅಸಲು ಹೆಚ್ಚು ಮತ್ತು ಅದಕ್ಕೂ ಹಿಂದಿನ ಎಲ್ಲ ಕಂತುಗಳಲ್ಲಿ ಬಡ್ಡಿ ಹೆಚ್ಚು. ಅವಧಿಯನ್ನು ಉದ್ದ ಮಾಡಿದಾಗ ಪಟ್ಟಿಯ ಮೇಲ್ತುದಿಗೆ ಬಡ್ಡಿಯೇ ಹೆಚ್ಚಿರುವ ತಿಂಗಳುಗಳು ಸೇರಿಕೊಳ್ಳುತ್ತವೆ. ಕೆಳಗಿನ 92 ಕಂತುಗಳಲ್ಲಿ ಬಡ್ಡಿ ಮತ್ತು ಅಸಲಿನ ಅನುಪಾತ ಎಲ್ಲ ಪಟ್ಟಿಗಳಲ್ಲೂ ಒಂದೇ ಆಗಿರುತ್ತದೆ.

ಬೇರೆ ದರಗಳಿಗೆ ಒಂದು ಸುಲಭ ಅಂದಾಜು ಇದೆ. 70 ಎಂಬ ಸಂಖ್ಯೆಯನ್ನು ವಾರ್ಷಿಕ ದರದಿಂದ ಭಾಗಿಸಿದರೆ, ಕೊನೆಯ ಎಷ್ಟು ವರ್ಷಗಳಲ್ಲಿ ಅಸಲು ಮೇಲುಗೈ ಪಡೆಯುತ್ತದೆ ಎಂಬುದು ಸಿಗುತ್ತದೆ. ಶೇ. 12 ದರಕ್ಕೆ ಸುಮಾರು 5.8 ವರ್ಷ, ಶೇ. 6 ದರಕ್ಕೆ ಸುಮಾರು 11.7 ವರ್ಷ. ಸಾಲದ ಒಟ್ಟು ಅವಧಿಯೇ ಇದಕ್ಕಿಂತ ಕಡಿಮೆಯಿದ್ದರೆ ಮೊದಲ ಕಂತಿನಿಂದಲೇ ಅಸಲು ಹೆಚ್ಚಿರುತ್ತದೆ, ಮತ್ತು ಅಂಥ ಪಟ್ಟಿಯ ಸ್ಕ್ರೀನ್‌ಶಾಟ್ ಯಾರಿಗೂ ಆತಂಕ ತರುವುದಿಲ್ಲ.

## ಅರ್ಧ ಅವಧಿ ಮುಗಿದಾಗ ಅರ್ಧ ಸಾಲ ತೀರಿರುತ್ತದೆಯೇ?

ಇಲ್ಲ. ಹತ್ತು ವರ್ಷ ತಪ್ಪದೆ ಕಟ್ಟಿದ ಮೇಲೂ ಈ ಉದಾಹರಣೆಯಲ್ಲಿ 7,10,000ದಷ್ಟು ಬಾಕಿ ಉಳಿದಿರುತ್ತದೆ. ಬಾಕಿ ಐದು ಲಕ್ಷಕ್ಕಿಂತ ಕೆಳಗೆ ಇಳಿಯುವುದು 168ನೆಯ ಕಂತಿನ ನಂತರ, ಅಂದರೆ ಹದಿನಾಲ್ಕು ವರ್ಷಗಳಾದ ಮೇಲೆ. ನಡುವೆ ಸಾಲವನ್ನು ತೀರಿಸುವ ಅಥವಾ ಬೇರೆ ಕಡೆಗೆ ವರ್ಗಾಯಿಸುವ ಯೋಚನೆ ಇರುವವರು ಆ ವರ್ಷದ ಉಳಿದ ಬಾಕಿಯನ್ನು ಪಟ್ಟಿಯಲ್ಲಿ ನೋಡಿಯೇ ಲೆಕ್ಕ ಹಾಕಬೇಕು.

## ನನ್ನ ಸ್ಕ್ರೀನ್‌ಶಾಟ್‌ನಲ್ಲಿ ಬಡ್ಡಿಯ ಅಂಕಿ ಈ ಗುಣಾಕಾರಕ್ಕೆ ಹೊಂದುತ್ತಿಲ್ಲ. ಏನು ಕಾರಣ?

ಬಹಳ ಸಲ ಕಾರಣ ದಿನಗಳ ಲೆಕ್ಕ. ಕೆಲವರು ವಾರ್ಷಿಕ ದರವನ್ನು ಹನ್ನೆರಡರಿಂದ ಭಾಗಿಸುವ ಬದಲು, ಆ ತಿಂಗಳಿನ ದಿನಗಳಿಂದ ಗುಣಿಸಿ 365ರಿಂದ ಭಾಗಿಸುತ್ತಾರೆ. ಆಗ 10,00,000ದ ಮೇಲೆ 31 ದಿನದ ತಿಂಗಳಿಗೆ 7,643.84, 30 ದಿನದ ತಿಂಗಳಿಗೆ 7,397.26, 28 ದಿನದ ತಿಂಗಳಿಗೆ 6,904.11 ಬಡ್ಡಿಯಾಗುತ್ತದೆ. ಇಂಥ ಪಟ್ಟಿಯಲ್ಲಿ ಬಡ್ಡಿಯ ಕಾಲಂ ಸರಾಗವಾಗಿ ಇಳಿಯದೆ ತಿಂಗಳಿನಿಂದ ತಿಂಗಳಿಗೆ ಏರಿಳಿಯುತ್ತದೆ, ಮತ್ತು ಅದನ್ನು ನೋಡಿದ ಕೂಡಲೇ ದಿನಗಳ ಲೆಕ್ಕ ಎಂದು ಗುರುತಿಸಬಹುದು. ವ್ಯತ್ಯಾಸ ಮೊದಲ ಅಡ್ಡಸಾಲಿನಲ್ಲಿ ಮಾತ್ರ ಇದ್ದರೆ ಸಾಲದ ಹಣ ಕೈಸೇರಿದ ದಿನಕ್ಕೂ ಮೊದಲ ಕಂತಿನ ದಿನಕ್ಕೂ ನಡುವೆ ಪೂರ್ತಿ ಒಂದು ತಿಂಗಳಿಗಿಂತ ಹೆಚ್ಚು ಅಥವಾ ಕಡಿಮೆ ದಿನಗಳಿರುವ ಸಂಭವ ಹೆಚ್ಚು. ಆ ಬಿಡಿ ದಿನಗಳ ಬಡ್ಡಿಯನ್ನು ಅಲ್ಲಿ ಸೇರಿಸಿರುತ್ತಾರೆ ಅಥವಾ ಬಿಟ್ಟಿರುತ್ತಾರೆ.

ಕೊನೆಯ ಕಂತಿನ ಮೊತ್ತ ಉಳಿದವುಗಳಿಗಿಂತ ಸ್ವಲ್ಪ ಬೇರೆಯಾಗಿದ್ದರೆ ಚಿಂತಿಸಬೇಕಾಗಿಲ್ಲ. ಪ್ರತಿ ತಿಂಗಳೂ ಪೈಸೆಗಳನ್ನು ಪೂರ್ಣಾಂಕಕ್ಕೆ ಇಳಿಸಿದ್ದರಿಂದ ಕೂಡಿಕೊಂಡ ಸಣ್ಣ ವ್ಯತ್ಯಾಸವನ್ನು ಅಲ್ಲಿ ಸರಿಪಡಿಸುತ್ತಾರೆ.

ದಿನಗಳ ಲೆಕ್ಕವೂ ಅಲ್ಲ, ಮೊದಲ ಅಡ್ಡಸಾಲಿನ ವಿಷಯವೂ ಅಲ್ಲ, ಎಲ್ಲ ಅಡ್ಡಸಾಲುಗಳಲ್ಲೂ ಬಡ್ಡಿ ಒಂದೇ ಪ್ರಮಾಣದಲ್ಲಿ ಹೆಚ್ಚು ಇದೆ ಎಂದಾದರೆ, ಪಟ್ಟಿಯನ್ನು ತಯಾರಿಸಿದ ದರ ಒಪ್ಪಂದದಲ್ಲಿ ಹೇಳಿದ ದರವಲ್ಲ ಎಂದೇ ಅರ್ಥ. ಆಗ ಸಾಲ ಕೊಟ್ಟವರನ್ನು ಬರಹದ ಮೂಲಕ ಕೇಳುವುದು ನ್ಯಾಯವಾದ ಕ್ರಮ. ಸ್ಪ್ರೆಡ್‌ಶೀಟ್ ಬಳಸುವವರು ಕೇಳುವ ಮೊದಲು ಈ ಮೂರು ಸೂತ್ರಗಳಿಂದ ಕಂತು, ಮೊದಲ ಕಂತಿನ ಬಡ್ಡಿ ಮತ್ತು ಮೊದಲ ಕಂತಿನ ಅಸಲನ್ನು ತಾವೇ ಪಡೆಯಬಹುದು:

```
=PMT(0.09/12, 240, -1000000)
=IPMT(0.09/12, 1, 240, -1000000)
=PPMT(0.09/12, 1, 240, -1000000)
```

ಎರಡನೆಯ ಮತ್ತು ಮೂರನೆಯ ಸೂತ್ರದಲ್ಲಿರುವ `1` ಎಂಬುದು ಕಂತಿನ ಕ್ರಮಸಂಖ್ಯೆ. ಅದನ್ನು `149` ಎಂದು ಬದಲಿಸಿದರೆ 149ನೆಯ ಕಂತಿನ ಬಡ್ಡಿ ಮತ್ತು ಅಸಲು ದೊರೆಯುತ್ತವೆ.

## ನನ್ನ ಪಟ್ಟಿಯಲ್ಲಿ ಬಡ್ಡಿ ಎಲ್ಲ ತಿಂಗಳೂ ಒಂದೇ ಇದೆ. ಇದು ಒಳ್ಳೆಯದಲ್ಲವೇ?

ನೋಡಲು ಅಚ್ಚುಕಟ್ಟಾಗಿದ್ದರೂ ಸಾಲಗಾರರಿಗೆ ಇದು ಹೆಚ್ಚು ದುಬಾರಿ. ಬಾಕಿ ಇಳಿಯುತ್ತಿದ್ದರೂ ಬಡ್ಡಿ ಇಳಿಯುತ್ತಿಲ್ಲವೆಂದರೆ, ಬಡ್ಡಿಯನ್ನು ಉಳಿದ ಬಾಕಿಯ ಮೇಲಲ್ಲ, ಮೊದಲು ಪಡೆದ ಪೂರ್ತಿ ಸಾಲದ ಮೇಲೆಯೇ ಕೊನೆಯವರೆಗೂ ಹಾಕಲಾಗುತ್ತಿದೆ. ಇದನ್ನು ಫ್ಲ್ಯಾಟ್ ದರ ಎನ್ನುತ್ತಾರೆ. 10,00,000 ಸಾಲಕ್ಕೆ ಐದು ವರ್ಷ ಫ್ಲ್ಯಾಟ್ ಶೇ. 9 ಎಂದರೆ ವರ್ಷಕ್ಕೆ 90,000ದಂತೆ ಒಟ್ಟು ಬಡ್ಡಿ 4,50,000, ಕಂತು 24,167. ಉಳಿದ ಬಾಕಿಯ ಮೇಲೆ ಲೆಕ್ಕ ಹಾಕುವ ಸಾಲದಲ್ಲಿ ಇದೇ ಕಂತು ಬರಬೇಕಾದರೆ ದರ ಶೇ. 15.7ರ ಆಸುಪಾಸಿನಲ್ಲಿರಬೇಕು. ಆದ್ದರಿಂದ ಆರಂಭದಲ್ಲಿ ಬಡ್ಡಿ ಹೆಚ್ಚಿದ್ದು ತಿಂಗಳಿನಿಂದ ತಿಂಗಳಿಗೆ ಇಳಿಯುತ್ತಾ ಹೋಗುವ ಪಟ್ಟಿಯು, ತೀರಿಸಿದ ಪ್ರತಿಯೊಂದು ಅಸಲಿನ ಲಾಭವೂ ನಿಮಗೆ ಸಲ್ಲುತ್ತಿದೆ ಎಂಬುದರ ಗುರುತು.

## ಬಡ್ಡಿದರ ಏರಿದರೆ ಈ ಪಟ್ಟಿಗೆ ಏನಾಗುತ್ತದೆ?

ದರ ಬದಲಾಗಬಲ್ಲ ಸಾಲವಾದರೆ ನಿಮ್ಮಲ್ಲಿರುವ ಸ್ಕ್ರೀನ್‌ಶಾಟ್ ಅದನ್ನು ತೆಗೆದ ದಿನದ ದರಕ್ಕೆ ಮಾತ್ರ ಸತ್ಯ. ದರ ಏರಿದಾಗ ಕಂತನ್ನು ಹಾಗೆಯೇ ಉಳಿಸಿ ಅವಧಿಯನ್ನು ಉದ್ದ ಮಾಡುವ ಕ್ರಮವೂ ಇದೆ, ಮತ್ತು ಸಾಲದ ಆರಂಭದ ವರ್ಷಗಳಲ್ಲಿ ಅದರ ಪರಿಣಾಮ ಊಹೆಗಿಂತ ದೊಡ್ಡದು. ನಮ್ಮ ಸಾಲದ ಮೊದಲ ಕಂತಿಗೂ ಮುಂಚೆ ದರ ಶೇ. 9ರಿಂದ ಶೇ. 10ಕ್ಕೆ ಏರಿತು, ಆದರೆ ಕಂತು 8,997 ಆಗಿಯೇ ಉಳಿಯಿತು ಎಂದುಕೊಳ್ಳಿ. ಬಡ್ಡಿ 8,333 ಆಗುತ್ತದೆ, ಅಸಲಿಗೆ ಉಳಿಯುವುದು 664. ದರದಲ್ಲಿ ಶೇ. 1ರ ಬದಲಾವಣೆ ಅಸಲಿನ ಪಾಲನ್ನು ಅರ್ಧಕ್ಕಿಂತ ಕೆಳಗೆ ಇಳಿಸಿತು, ಮತ್ತು 240 ಕಂತುಗಳ ಸಾಲ 314 ಕಂತುಗಳನ್ನೂ ದಾಟುತ್ತದೆ.

ಇದೇ ದರ ಶೇ. 11ಕ್ಕೆ ಏರಿದರೆ ತಿಂಗಳಿನ ಬಡ್ಡಿ 9,167. ಅದು ಕಂತಿಗಿಂತಲೂ ಹೆಚ್ಚು. ಆಗ ಕಂತು ಕಟ್ಟಿದರೂ ಬಾಕಿ ಇಳಿಯುವ ಬದಲು ಏರುತ್ತದೆ. ಹೊಸ ಪಟ್ಟಿಯಲ್ಲಿ ಉಳಿದ ಬಾಕಿಯ ಕಾಲಂ ಕೆಳಗೆ ಹೋದಂತೆ ಹೆಚ್ಚಾಗುತ್ತಿದ್ದರೆ ಅಥವಾ ಅಸಲಿನ ಕಾಲಂನಲ್ಲಿ ಋಣ ಚಿಹ್ನೆ ಕಂಡರೆ ಈ ಸ್ಥಿತಿ ಬಂದಿದೆ ಎಂದು ತಿಳಿಯಬೇಕು. ಕಂತನ್ನು ಹೆಚ್ಚಿಸದೆ ಅಥವಾ ಅಸಲಿನಲ್ಲಿ ಒಂದಿಷ್ಟು ಒಮ್ಮೆಲೇ ಕಟ್ಟದೆ ಇದರಿಂದ ಹೊರಬರಲು ದಾರಿಯಿಲ್ಲ. ದರ ಬದಲಾದಾಗಲೆಲ್ಲ ಹೊಸ ಪಟ್ಟಿಯನ್ನು ಕೇಳಿ ಪಡೆದು, ಮೊದಲು ಅಸಲಿನ ಕಾಲಂ ನೋಡುವ ಅಭ್ಯಾಸವನ್ನು ನಾನು ಎಲ್ಲರಿಗೂ ಒತ್ತಾಯವಾಗಿ ಹೇಳುತ್ತೇನೆ. ಕಂತು ಬದಲಾಗಿಲ್ಲ ಎಂಬ ಸಮಾಧಾನದಲ್ಲಿ ಅವಧಿ ಬೆಳೆದದ್ದು ಗಮನಕ್ಕೇ ಬರುವುದಿಲ್ಲ.

## ಮುಂಚಿತವಾಗಿ ಕಟ್ಟುವುದಾದರೆ ಯಾವಾಗ ಕಟ್ಟಿದರೆ ಲಾಭ ಹೆಚ್ಚು?

ಹನ್ನೆರಡನೆಯ ಕಂತಿನ ನಂತರ 1,00,000 ಹೆಚ್ಚುವರಿಯಾಗಿ ಅಸಲಿಗೆ ಕಟ್ಟಿ, ಕಂತನ್ನು ಬದಲಿಸದೆ ಮುಂದುವರಿಸಿದರೆ, ಉಳಿದ 228 ಕಂತುಗಳ ಬದಲು 178ರಲ್ಲಿ ಸಾಲ ಮುಗಿಯುತ್ತದೆ. ಉಳಿಯುವ ಬಡ್ಡಿ ಸುಮಾರು ಮೂರೂವರೆ ಲಕ್ಷ. ಅದೇ 1,00,000ವನ್ನು 180ನೆಯ ಕಂತಿನ ನಂತರ ಕಟ್ಟಿದರೆ 60 ಕಂತುಗಳ ಬದಲು 44ರಲ್ಲಿ ಮುಗಿಯುತ್ತದೆ, ಉಳಿಯುವ ಬಡ್ಡಿ ಸುಮಾರು 48,000.

ಅಂತರ ದೊಡ್ಡದು, ಆದರೆ ಅದರ ಕಾರಣವನ್ನು ಸರಿಯಾಗಿ ಅರ್ಥಮಾಡಿಕೊಳ್ಳಬೇಕು. ಎರಡೂ ಸಂದರ್ಭಗಳಲ್ಲಿ ಆ ಒಂದು ಲಕ್ಷ ಉಳಿಸುತ್ತಿರುವುದು ವರ್ಷಕ್ಕೆ ಶೇ. 9 ಬಡ್ಡಿಯನ್ನೇ. ಮೊದಲನೆಯದರಲ್ಲಿ ಆ ಉಳಿತಾಯಕ್ಕೆ ಹದಿನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಸಿಕ್ಕಿತು, ಎರಡನೆಯದರಲ್ಲಿ ನಾಲ್ಕು ವರ್ಷವೂ ಸಿಗಲಿಲ್ಲ. ಬಡ್ಡಿಯನ್ನೆಲ್ಲ ಕಟ್ಟಿ ಆಗಿದೆ, ಇನ್ನು ಮುಂಚಿತವಾಗಿ ಕಟ್ಟಿ ಪ್ರಯೋಜನವಿಲ್ಲ ಎಂಬ ಮಾತನ್ನು ಕೊನೆಯ ವರ್ಷಗಳಲ್ಲಿರುವವರಿಗೆ ಹೇಳುವುದುಂಟು; ಅದು ಸರಿಯಲ್ಲ. ಬಾಕಿ ಉಳಿದಿರುವವರೆಗೂ ಅದರ ಮೇಲೆ ಶೇ. 9 ಹುಟ್ಟುತ್ತಲೇ ಇರುತ್ತದೆ. ಆ ಹಣವನ್ನು ಬೇರೆಡೆ ಇಟ್ಟರೆ, ತೆರಿಗೆಯೆಲ್ಲ ಕಳೆದ ಮೇಲೆ, ಅಷ್ಟು ಪ್ರತಿಫಲ ಖಚಿತವಾಗಿ ಬರುತ್ತದೆಯೇ ಎಂಬುದೊಂದೇ ಕೇಳಿಕೊಳ್ಳಬೇಕಾದ ಪ್ರಶ್ನೆ.

ಕಟ್ಟುವ ಮೊದಲು ಒಪ್ಪಂದದಲ್ಲಿ ಮುಂಚಿತ ಪಾವತಿಗೆ ಶುಲ್ಕವಿದೆಯೇ ಎಂದು ನೋಡಬೇಕು. ಕಟ್ಟಿದ ನಂತರ ಹೊಸ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದು ಹಳೆಯದರ ಪಕ್ಕದಲ್ಲಿಡಬೇಕು. ಅವಧಿ ಕಡಿಮೆಯಾಗುವ ಬದಲು ಕಂತು ಕಡಿಮೆಯಾಗಿರುವುದೂ ಉಂಟು: ಮೇಲಿನ ಮೊದಲ ಸಂದರ್ಭದಲ್ಲಿ ಅವಧಿಯನ್ನು ಹಾಗೆಯೇ ಇಟ್ಟರೆ ಕಂತು ಸುಮಾರು 8,080ಕ್ಕೆ ಇಳಿಯುತ್ತದೆ. ತಿಂಗಳಿನ ಹೊರೆ ಇಳಿಸುವುದು ಉದ್ದೇಶವಾಗಿದ್ದರೆ ಅದು ಸರಿ. ಒಟ್ಟು ಬಡ್ಡಿಯನ್ನು ಇಳಿಸುವುದು ಉದ್ದೇಶವಾಗಿದ್ದರೆ ಕಂತನ್ನು ಮೊದಲಿನಂತೆಯೇ ಇಡುವಂತೆ ಕೇಳಬೇಕು.

## ಬೇರೆಯವರಿಗೆ ತೋರಿಸಿ ಕೇಳಲು ಸ್ಕ್ರೀನ್‌ಶಾಟ್‌ನಲ್ಲಿ ಏನೇನು ಇರಬೇಕು?

ಬಡ್ಡಿದರ, ಸಾಲ ಬಿಡುಗಡೆಯಾದ ದಿನಾಂಕ, ಮೊದಲ ಕಂತಿನ ದಿನಾಂಕ, ಕಾಲಂಗಳ ಹೆಸರುಗಳು ಮತ್ತು ಒಂದರ ಕೆಳಗೊಂದು ಇರುವ ಕನಿಷ್ಠ ಮೂರು ಅಡ್ಡಸಾಲುಗಳು ಕಾಣಬೇಕು. ಪಟ್ಟಿಯ ಕೊನೆಯ ಭಾಗದ ಇನ್ನೊಂದು ಸ್ಕ್ರೀನ್‌ಶಾಟ್ ಸೇರಿಸಿದರೆ ಅವಧಿ ಮತ್ತು ಕೊನೆಯ ಕಂತನ್ನೂ ಪರಿಶೀಲಿಸಬಹುದು. ಹೆಸರು, ಸಾಲದ ಖಾತೆಯ ಸಂಖ್ಯೆ, ಫೋನ್ ಸಂಖ್ಯೆ ಮತ್ತು ವಿಳಾಸವನ್ನು ಗಟ್ಟಿ ಬಣ್ಣದಿಂದ ಪೂರ್ತಿ ಮುಚ್ಚಬೇಕು. ಅರೆಪಾರದರ್ಶಕ ಗೆರೆ ಎಳೆದರೆ ಚಿತ್ರದ ಹೊಳಪನ್ನು ಹೆಚ್ಚಿಸಿ ಕೆಳಗಿನ ಅಕ್ಷರಗಳನ್ನು ಓದಲು ಸಾಧ್ಯವಾಗಬಹುದು. ಈ ವಿವರಗಳಲ್ಲಿ ಒಂದೂ ಬಡ್ಡಿಯ ಲೆಕ್ಕಕ್ಕೆ ಬೇಕಾಗಿಲ್ಲ.